‘ನೀರದಾರಿ’ ಗೇಮ್ ಡಿಸೈನ್ ಡಾಕ್ಯುಮೆಂಟ್, ಆವೃತ್ತಿ 0.7: ವಿಮರ್ಶೆ

‘ನೀರದಾರಿ’ ತಂಡಕ್ಕೆ, ವಿಜಯಪುರ

ನೀವು ಕಳಿಸಿದ 46 ಪುಟಗಳನ್ನು ಪೂರ್ತಿ ಓದಿದ್ದೇವೆ. ಮೊದಲು ತೀರ್ಮಾನ: ಡಾಕ್ಯುಮೆಂಟ್ ಈಗಿರುವ ಸ್ಥಿತಿಯಲ್ಲಿ ಕೋಡ್ ಬರೆಯಲು ಕೂರಬೇಡಿ. ನೆಲದಡಿಯ ಸುರಂಗದಲ್ಲಿ ಸೆಲೆಯ ನೀರನ್ನು ಊರಿಗೆ ತರುವ ಹಳೆಯ ವ್ಯವಸ್ಥೆ ಸುರಂಗ ಬಾವಡಿಯನ್ನು ಪಝಲ್ ಆಟವಾಗಿಸುವ ವಿಚಾರ ಗಟ್ಟಿಯಾಗಿದೆ, ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಆದರೆ ಆ ವಿಚಾರ ಆರನೇ ಪುಟದಲ್ಲಿ ಅರ್ಧ ಪ್ಯಾರಾ ಬಂದು, ಆಮೇಲೆ ಬೇರೆ ಫೀಚರ್‌ಗಳ ಅಡಿಯಲ್ಲಿ ಹೂತುಹೋಗಿದೆ.

ಕೋರ್ ಲೂಪ್

ಆಟಗಾರ ಮತ್ತೆ ಮತ್ತೆ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಡಾಕ್ಯುಮೆಂಟಿನಲ್ಲಿ ಮೂರು ಉತ್ತರಗಳಿವೆ. 3ನೇ ಪುಟದಲ್ಲಿ ಆತ ಸೆಲೆ ಹುಡುಕಿ ಸುರಂಗ ತೋಡುತ್ತಾನೆ. 11ನೇ ಪುಟದಲ್ಲಿ ನೀರು ಮಾರಿ ಪೇಟೆ ಬೆಳೆಸುತ್ತಾನೆ. 27ನೇ ಪುಟದಲ್ಲಿ ಇತಿಹಾಸದ ಕಾರ್ಡುಗಳನ್ನು ಕೂಡಿಹಾಕುತ್ತಾನೆ. ಇವು ಮೂರು ಬೇರೆ ಆಟಗಳು. ಪ್ರೋಗ್ರಾಮರ್ ಮೊದಲನೆಯದನ್ನು, ಆರ್ಟಿಸ್ಟ್ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೂರನೇ ತಿಂಗಳಿಗೆ ಒಂದಕ್ಕೊಂದು ಹೊಂದದ ಕೆಲಸ ಕೈಯಲ್ಲಿರುತ್ತದೆ.

ನಮ್ಮ ಮತ ಮೊದಲನೆಯದಕ್ಕೆ. ಆದರೆ ಅದರಲ್ಲೂ ಒಂದು ಕೊರತೆ ಇದೆ, ಮತ್ತು ಇದೇ ಈ ವಿಮರ್ಶೆಯ ಮುಖ್ಯ ಮಾತು. 6ನೇ ಪುಟದ ಪ್ರಕಾರ ಬೆರಳು ಎಳೆದರೆ ಮಣ್ಣು ಹೋಗುತ್ತದೆ, ನೀರು ಹರಿಯುತ್ತದೆ. ತೋಡಲು ಖರ್ಚಿಲ್ಲ, ತಪ್ಪು ತೋಡಿದರೆ ನಷ್ಟವಿಲ್ಲ. ಸೆಲೆಯಿಂದ ಊರಿಗೆ ಒಂದು ಗೆರೆ ಎಳೆದರೆ ಲೆವೆಲ್ ಮುಗಿಯಿತು. ಅಲ್ಲಿ ಕೆಲಸ ಇದೆ, ಆಯ್ಕೆ ಇಲ್ಲ. ಆಯ್ಕೆ ಇಲ್ಲದ ಕಡೆ ಆಟಗಾರ ಎರಡನೇ ಸಲ ಬರುವುದಿಲ್ಲ. ಪೇಟೆ, ಕಾರ್ಡು, ದಿನದ ಬಹುಮಾನ ಇವೆಲ್ಲ ಡಾಕ್ಯುಮೆಂಟಿಗೆ ಸೇರಿದ್ದು ಈ ಖಾಲಿ ಜಾಗ ತುಂಬಲಿಕ್ಕೇ ಎಂದು ನಮಗೆ ಅನಿಸುತ್ತದೆ.

ಬೇಕಾದ ಆಯ್ಕೆ ನಿಮ್ಮ ವಿಷಯದ ಒಳಗೇ ಇದೆ. ಸುರಂಗ ಬಾವಡಿಯಲ್ಲಿ ನೀರು ಇಳಿಜಾರಿನಿಂದಷ್ಟೇ ಹರಿಯುತ್ತದೆ, ಮೇಲೆತ್ತುವ ಯಂತ್ರವಿಲ್ಲ. ಇಳಿಜಾರು ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಹೆಚ್ಚಾದರೆ ನೀರು ರಭಸಕ್ಕೆ ತಳ ಕೊರೆಯುತ್ತದೆ. ಗಾಳಿಗೆ, ಮಣ್ಣು ಎತ್ತಲಿಕ್ಕೆ, ಆಮೇಲೆ ಹೂಳು ತೆಗೆಯಲಿಕ್ಕೆ ನಡುನಡುವೆ ಮೇಲಿನಿಂದ ಬಾವಿ ಇಳಿಸಬೇಕು. ಊರೊಳಗಿನ ಮಣ್ಣಿನ ಕೊಳವೆಗಳಲ್ಲಿ ಒತ್ತಡ ತಗ್ಗಿಸಲು, ಹೂಳು ತಳಕ್ಕೆ ಕೂರಿಸಲು ಗಂಜ್ ಎಂಬ ನೀರಿನ ಗೋಪುರಗಳಿವೆ. ವಿಜಯಪುರದ ಬೀದಿಗಳಲ್ಲಿ ಅವು ಇಂದಿಗೂ ನಿಂತಿವೆ. ನಿಮ್ಮ ಡಾಕ್ಯುಮೆಂಟಿನಲ್ಲಿ ಗಂಜ್ ಬರುವುದು ಹಿನ್ನೆಲೆಯ ಚಿತ್ರವಾಗಿ ಮಾತ್ರ. ಅದು ಆಟಗಾರನ ಕೈಗೆ ಬರಬೇಕಾದ ವಸ್ತು.

ಹೀಗೆ ಶುರುಮಾಡಿ: ಒಂದು ಲೆವೆಲ್‌ಗೆ 20 ಕೂಲಿ. ಒಂದು ಚೌಕ ತೋಡಲು 1, ಬಾವಿಗೆ 3, ಗಂಜ್‌ಗೆ 5. ಸತತ ನಾಲ್ಕು ಚೌಕ ಸಮತಟ್ಟಾದರೆ ಹೂಳು. ಒಂದೇ ಹೆಜ್ಜೆಗೆ ಎರಡು ಚೌಕ ಇಳಿದರೆ ತಳ ಕೊರೆತ. ಈ ಅಂಕಿಗಳು ಮೊದಲ ಪ್ರಯೋಗಕ್ಕೆ ಮಾತ್ರ, ಆಡಿಸಿ ನೋಡಿ ಬದಲಿಸಿ. ಲೂಪ್ ಆಗ ಹೀಗಿರುತ್ತದೆ: ನೆಲ ನೋಡು, ತೋಡು, ನೀರು ಬಿಡು, ಕೆಟ್ಟದ್ದೆಲ್ಲಿ ಎಂದು ಕಂಡು ಸರಿಮಾಡು. ಒಂದು ಸುತ್ತು ಸುಮಾರು ಒಂದೂವರೆ ನಿಮಿಷದಲ್ಲಿ ಮುಗಿಯಬೇಕು. ನೀರು ಬಿಡುವ ಕ್ಷಣದಲ್ಲಿ ‘ಈ ಸಲ ಹತ್ತುತ್ತದಾ’ ಎಂಬ ಕಾತರ ಹುಟ್ಟದಿದ್ದರೆ ಬೇರೆ ಯಾವ ಫೀಚರೂ ಆಟವನ್ನು ಉಳಿಸದು.

ಇನ್ನೊಂದು ನೇರ ವಿರೋಧ: 14ನೇ ಪುಟದಲ್ಲಿ ‘ಸಮಯದ ಮಿತಿ ಇಲ್ಲ, ನಿಧಾನವಾಗಿ ಯೋಚಿಸುವ ಆಟ’ ಎಂದಿದೆ. 31ರಲ್ಲಿ 60 ಸೆಕೆಂಡಿಗೆ ಸೆಲೆ ಬತ್ತುತ್ತದೆ, ಜಾಹೀರಾತು ನೋಡಿದರೆ ಇನ್ನಷ್ಟು ಸಮಯ ಸಿಗುತ್ತದೆ. 14 ಉಳಿಯಲಿ, 31 ಹೋಗಲಿ. ಯೋಚಿಸಲು ಕರೆದು ಗಡಿಯಾರ ತೋರಿಸಿದರೆ ಆಟಗಾರನಿಗೆ ಸಿಟ್ಟೇ ಬರುತ್ತದೆ.

ಸ್ಕೋಪ್

ಅನುಬಂಧದ ಬದಲಾವಣೆ ಪಟ್ಟಿಯಲ್ಲಿ 0.3ರಿಂದ 0.7ರವರೆಗೆ ಪ್ರತಿ ಆವೃತ್ತಿಗೂ ಏನಾದರೊಂದು ಸೇರಿದೆ. ಒಂದೂ ಹೊರಬಿದ್ದಿಲ್ಲ. ಗಡುವು ಮಾತ್ರ ಅದೇ ಒಂಬತ್ತು ತಿಂಗಳು.

ನಿಮ್ಮದೇ ಅಂದಾಜುಗಳನ್ನು ಕೂಡಿಸಿದ್ದೇವೆ. ತಿಂಗಳಿಗೆ 22 ದಿನದಂತೆ ಒಬ್ಬರಿಗೆ 198 ಕೆಲಸದ ದಿನ. ಹಬ್ಬ, ಕಾಯಿಲೆ, ಬಗ್, ಮೀಟಿಂಗ್‌ಗೆ ಐದನೇ ಒಂದು ಪಾಲು ತೆಗೆದರೆ ಕೈಗೆ ಉಳಿಯುವುದು 158. ಒಬ್ಬರೇ ಪ್ರೋಗ್ರಾಮರ್ ಮೇಲೆ ಇರುವ ಹೊರೆ: ಮೂಲ ಆಟ 45, ಲೆವೆಲ್ ಎಡಿಟರ್ 20, ಮೆನು ಮತ್ತು ಸೇವ್ 25, ಮಾರುಕಟ್ಟೆ 20, ಮಳೆ-ಬಿಸಿಲು 15, ಪಾತ್ರದ ಉಡುಪು 12, ಇಬ್ಬರ ಆನ್‌ಲೈನ್ ಆಟ 60, ಕ್ಯಾಮೆರಾ ಮೂಲಕ ಸ್ಮಾರಕ ತೋರಿಸುವ ಎಆರ್ 30. ಒಟ್ಟು 227. ಅಂದರೆ 69 ದಿನ ಮೀರಿದೆ. ಆನ್‌ಲೈನ್ ಆಟದ 60ರಲ್ಲಿ ಸರ್ವರ್ ನೋಡಿಕೊಳ್ಳುವುದಾಗಲಿ, ನೆಟ್‌ವರ್ಕ್ ಕಡಿದಾಗ ಏನಾಗಬೇಕು ಎಂಬುದಾಗಲಿ ಸೇರಿಲ್ಲ.

ಆನ್‌ಲೈನ್, ಎಆರ್, ಮಾರುಕಟ್ಟೆ, ಉಡುಪು ನಾಲ್ಕನ್ನೂ ಕೈಬಿಟ್ಟರೆ 105 ಆಗುತ್ತದೆ. ಉಳಿದ 53 ದಿನ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಓಡಿಸಿ ನೋಡಲು ಬೇಕೇ ಬೇಕು. ಹರಿಯುವ ನೀರಿನ ಲೆಕ್ಕ ಫೋನ್ ಬಿಸಿ ಮಾಡುವ ಕೆಲಸ.

ಲೆವೆಲ್‌ಗಳದ್ದೂ ಇದೇ ಕಥೆ. 60 ಲೆವೆಲ್, ಒಂದಕ್ಕೆ ಮೂರು ದಿನ, ಡಿಸೈನರ್ ಒಬ್ಬರೇ: 180 ದಿನ. 24ಕ್ಕೆ ಇಳಿಸಿ, 72 ಆಗುತ್ತದೆ. ಪ್ರತಿ ಲೆವೆಲ್‌ನಲ್ಲಿ ಹೊಸದೊಂದು ತೊಡಕು ಇರುವ 24 ಲೆವೆಲ್‌ಗಳು, ಬಂಡೆಯ ಜಾಗವಷ್ಟೇ ಬದಲಾಗುವ 60ಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುತ್ತವೆ.

ಇನ್ನು ಮುಂದೆ ಹೊಸ ಫೀಚರ್ ಬರೆಯುವವರು ಅದರ ಪಕ್ಕದಲ್ಲೇ ಎರಡು ಸಾಲು ಬರೆಯಲಿ: ಯಾರಿಗೆ ಎಷ್ಟು ದಿನದ ಕೆಲಸ, ಅಷ್ಟೇ ದಿನದ ಯಾವ ಕೆಲಸ ಹೊರಹೋಗುತ್ತದೆ. ಎರಡನೇ ಸಾಲು ಖಾಲಿ ಇದ್ದರೆ ಫೀಚರ್ ಒಳಬರುವುದಿಲ್ಲ.

ಆಟಗಾರನಿಗೆ ಏಕೆ ಬೇಕು?

ಫೀಚರ್ ಕೋಷ್ಟಕದಲ್ಲಿ ‘ಕಾರಣ’ ಎಂಬ ಕಾಲಂ ಇಟ್ಟಿದ್ದೀರಿ, ಒಳ್ಳೆಯದು. ಆದರೆ ಅಲ್ಲಿರುವುದು ‘ಬೇರೆ ಆಟಗಳಲ್ಲಿ ಇದೆ’, ‘ಡೆಮೊದಲ್ಲಿ ಚೆನ್ನಾಗಿ ಕಾಣುತ್ತದೆ’, ‘ಆರ್ಟ್ ಈಗಾಗಲೇ ತಯಾರಿದೆ’. ಇವು ತಂಡದ ಕಾರಣಗಳು. ಕಾಲಂನಲ್ಲಿ ಇರಬೇಕಾದದ್ದು: ಯಾವ ಕ್ಷಣದಲ್ಲಿ, ಯಾವ ತೊಂದರೆಗೆ ಸಿಕ್ಕಿಬಿದ್ದು ಆಟಗಾರ ಇದನ್ನು ಬಯಸುತ್ತಾನೆ?

ದಿನದ ಲಾಗಿನ್ ಬಹುಮಾನಕ್ಕೆ ಇಂಥ ಕ್ಷಣವೇ ಇಲ್ಲ. ನಾಣ್ಯ ಕೊಡುತ್ತೀರಿ, ಆದರೆ ಆತ ಖರ್ಚು ಮಾಡುವುದು ಕೂಲಿ. ಮಳೆ-ಬಿಸಿಲು ಉಳಿಸಿಕೊಳ್ಳಬಹುದು, ಒಂದು ಷರತ್ತಿನ ಮೇಲೆ: ಮಳೆ ಬಂದರೆ ಸೆಲೆಯ ರಭಸ ಏರಿ, ನಿನ್ನೆ ಸರಿಯಿದ್ದ ಇಳಿಜಾರು ಇಂದು ಕೊರೆಯಬೇಕು. ಪರದೆಯ ಮೇಲೆ ಹನಿ ಬೀಳಿಸಲಿಕ್ಕಷ್ಟೇ ಆದರೆ ಅದನ್ನೂ ತೆಗೆಯಿರಿ.

ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯ ವಿಶೇಷ ಹಂತ ನಿಮಗೆ ಪ್ರಿಯ ಎಂದು ಬರಹದಲ್ಲೇ ತಿಳಿಯುತ್ತದೆ. ಆರು ಪುಟ ಕೊಟ್ಟಿದ್ದೀರಿ. ಆದರೂ ಅದಕ್ಕೂ ನೀರಿಗೂ ಸಂಬಂಧವಿಲ್ಲ, ಅಲ್ಲಿ ಕಲಿತದ್ದು ಮುಂದಿನ ಲೆವೆಲ್‌ಗೆ ಬರುವುದಿಲ್ಲ. ಹಂತ ಬಿಡಿ, ಪ್ರತಿಧ್ವನಿ ಉಳಿಸಿ: ಆಟಗಾರ ಬಾವಿಯೊಳಗೆ ಕಲ್ಲು ಹಾಕಿ, ಸದ್ದು ಎಷ್ಟು ತಡವಾಗಿ ಬರುತ್ತದೆ ಎಂಬುದರ ಮೇಲೆ ಆಳ ಊಹಿಸಲಿ. ಕಾಣದ ನೀರಿನ ಮಟ್ಟ ತಿಳಿಯಬೇಕಾದ ಕ್ಷಣ ಪ್ರತಿ ಲೆವೆಲ್‌ನಲ್ಲೂ ಬರುತ್ತದೆ, ಕಾರಣ ತಾನಾಗಿ ಸಿಗುತ್ತದೆ.

ಸಣ್ಣ ತಿದ್ದುಪಡಿ: ಮೊದಲ ಹತ್ತು ಲೆವೆಲ್‌ಗಳನ್ನು ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿಟ್ಟು ಅದರಲ್ಲಿ ಬೇಗಂ ತಲಾಬ್ ಸೇರಿಸಿದ್ದೀರಿ. ಆ ಕೆರೆ 1651ರದ್ದು, ಮಹಮ್ಮದ್ ಆದಿಲ್‌ಶಾಹನ ಕಾಲದ್ದು. ಕೊನೆಯ ಲೆವೆಲ್‌ಗಳಿಗೆ ಸರಿಸಿ.

ಆವೃತ್ತಿ 0.8ಕ್ಕೆ ನಾವು ಎದುರುನೋಡುವುದು

ಲೂಪ್, 24 ಲೆವೆಲ್‌ಗಳ ಪಟ್ಟಿ, ಕೈಬಿಟ್ಟ ಫೀಚರ್‌ಗಳ ಪಟ್ಟಿ ಸೇರಿ ಎಂಟು ಪುಟ ಮೀರದ ಡಾಕ್ಯುಮೆಂಟ್. ಕೈಬಿಟ್ಟವುಗಳ ಪಟ್ಟಿ ಅಗತ್ಯ. ಇಲ್ಲದಿದ್ದರೆ ಎರಡು ತಿಂಗಳಿಗೆ ಅವೇ ಹೊಸ ಹೆಸರಲ್ಲಿ ಮರಳಿ ಬರುತ್ತವೆ.

ಅದಕ್ಕೂ ಮೊದಲು ಗ್ರಾಫ್ ಹಾಳೆಯ ಮೇಲೆ ಮೂರು ಲೆವೆಲ್ ಬರೆಯಿರಿ. ಪೆನ್ಸಿಲ್‌ನಿಂದ ತೋಡಲಿ, ಕೂಲಿಗೆ ಕಡಲೆಕಾಳು ಇಡಿ, ನೀರು ಹರಿಸುವ ಕೆಲಸ ನಿಮ್ಮದು. ತಂಡದ ಹೊರಗಿನ ಐವರಿಗೆ ತಲಾ 15 ನಿಮಿಷ ಆಡಿಸಿ. ನಿಯಮ ಒಮ್ಮೆ ಹೇಳಿ ಸುಮ್ಮನಿರಿ, ಸುಳಿವು ಕೊಡಬೇಡಿ. ಎಲ್ಲಿ ತಡೆದರು, ಏನು ಕೇಳಿದರು, ಸೋತ ಮೇಲೆ ಹೇಳಿಸಿಕೊಳ್ಳದೆ ರಬ್ಬರ್ ಕೈಗೆತ್ತಿಕೊಂಡರೇ ಎಂದು ಬರೆದಿಡಿ. ಐವರಲ್ಲಿ ಮೂವರಾದರೂ ತಾವಾಗಿ ಎರಡನೇ ಸಲ ಆಡದಿದ್ದರೆ ಇಳಿಜಾರು ಮತ್ತು ಕೂಲಿಯ ಅಂಕಿ ಬದಲಿಸಿ ಮತ್ತೆ ಐವರನ್ನು ಕೂರಿಸಿ. ಆ ಟಿಪ್ಪಣಿಗಳನ್ನು ಚೊಕ್ಕ ಮಾಡದೆ, ಇದ್ದಹಾಗೇ 0.8ರ ಜೊತೆ ಲಗತ್ತಿಸಿ.