ಟಾಕೀಸಿನಲ್ಲಿ ಹೇಳಿದ ಕಥೆ

ಉಳ್ಳಾಗಡ್ಡಿ ಮಾರಿ ಬಂದ ದುಡ್ಡಿನಲ್ಲಿ ಮೊಮ್ಮಗಳಿಗೆ ಒಂದು ಪಿಚ್ಚರು ತೋರಿಸಲೇಬೇಕೆಂದು ಹನುಮವ್ವ ಹಟ ಹಿಡಿದಿದ್ದಳು. ಕಿನ್ನಾಳದಿಂದ ಬಸ್ಸು ಹತ್ತಿ ಅವರಿಬ್ಬರೂ ಕೊಪ್ಪಳದ ಟಾಕೀಸು ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಆಟ ಶುರುವಾಗಿತ್ತು. ಕತ್ತಲಲ್ಲಿ ಕುರ್ಚಿ ತಡವಿ ಕುಳಿತ ಗೌರಿ, ಪರದೆಯ ಮೇಲೆ ಮನೆಯೆತ್ತರದ ಮುಖವೊಂದು ಮೂಡಿದ್ದೇ ತಡ, ಅಜ್ಜಿಯ ಸೆರಗಿನಲ್ಲಿ ತಲೆ ಹುದುಗಿಸಿದಳು.

“ಅಂಜಬ್ಯಾಡ ನಮ್ಮವ್ವ, ಅದು ಬರೇ ನೆಳ್ಳು” ಎಂದಳು ಹನುಮವ್ವ.

ನೆರಳಿನ ಆಟ ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಬೆಳತನಕ ಕುಳಿತು ನೋಡಿದ ತೊಗಲುಗೊಂಬೆಯಾಟದಲ್ಲಿ ದೀಪ ಪರದೆಯ ಹಿಂದಿರುತ್ತಿತ್ತು. ಗೊಂಬೆ ಆಡಿಸುವವರು ಅಲ್ಲೇ ಕುಳಿತು ರಾಮನಿಗೂ ರಾವಣನಿಗೂ ತಾವೇ ದನಿ ಕೊಡುತ್ತಿದ್ದರು. ಇಲ್ಲಿ ಬೆಳಕು ಬೆನ್ನ ಹಿಂದಿನಿಂದ ಬರುವುದನ್ನು ಅವಳು ಬೆರಳು ಮಾಡಿ ತೋರಿಸಿದಳು. ಗೌರಿ ತಿರುಗಿ ನೋಡಿದಳು. ಗೋಡೆಯ ಚೌಕ ಕಿಂಡಿಯಿಂದ ಹೊರಟ ಬೆಳಕು ಜನರ ತಲೆಗಳ ಮೇಲೆ ಅಗಲವಾಗುತ್ತಾ ಸಾಗಿತ್ತು. ಅದರೊಳಗೆ ಧೂಳಿನ ಕಣಗಳು ಕೆಂಪಾಗಿ, ನೀಲಿಯಾಗಿ, ಮತ್ತೆ ಬೆಳ್ಳಗಾಗಿ ಹೊಳೆಯುತ್ತಿದ್ದವು. ಆಮೇಲೆ ಅವಳಿಗೆ ಅಂಜಿಕೆಯಾಗಲಿಲ್ಲ.

ಪರದೆಯ ಮೇಲೆ ಸಾಲ ಮಾಡಿಕೊಂಡ ರೈತನೊಬ್ಬ ತನ್ನ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೊರಟಿದ್ದಾಗ ಕರೆಂಟು ಹೋಯಿತು. ಶಿಳ್ಳೆ, ಕೂಗಾಟ ಎದ್ದವು. ಜನರೇಟರು ಗೊರಗುಟ್ಟಿ ಸುಮ್ಮನಾಯಿತು.

“ಎತ್ತು ಮಾರಿಬಿಡ್ತಾನೇನಬೇ ಅಜ್ಜಿ?” ಗೌರಿಯ ಗಂಟಲು ಕಟ್ಟಿತ್ತು.

“ಎಲ್ಲಿ ಮಾರ್ತಾನ? ಕೇಳಿಲ್ಲಿ.”

ಹನುಮವ್ವ ಕಥೆ ಮುಂದುವರಿಸಿದಳು. ದಾರಿಯಲ್ಲಿ ಹಳ್ಳ ಬಂದು ಎತ್ತು ನಿಂತೇಬಿಟ್ಟಿತು. ಎಳೆದರೂ ಬಡಿದರೂ ಕದಲಲಿಲ್ಲ. ರೈತನಿಗೆ ದಪ್ಪ ದನಿ, ದಲಾಲನಿಗೆ ಮೂಗಿನ ದನಿ, ಎತ್ತಿಗೆ ಬರೀ ಉಸಿರು ಕೊಟ್ಟು ಅವಳು ಹೇಳುತ್ತಿದ್ದರೆ, ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಸದಾ ಹೊಲದ ಕೂಲಿ, ದನದ ಮೇವಿನ ಮಾತಾಡುವ ಅಜ್ಜಿಯ ಬಾಯಲ್ಲಿ ಇಷ್ಟೊಂದು ಮಂದಿ ಇದ್ದಾರೆಂಬುದು ಗೌರಿಗೆ ಅಂದೇ ತಿಳಿಯಿತು. ಹಳ್ಳದ ನೀರು ಏರತೊಡಗಿತ್ತು; ರೈತ ಎತ್ತಿನ ಕೊರಳು ಹಿಡಿದು ನಿಂತಿದ್ದ. ಅಷ್ಟರಲ್ಲಿ ಪರದೆ ಬೆಳಗಿತು.

ಪರದೆಯ ರೈತ ಸಂತೆಯಲ್ಲಿ ನೋಟು ಎಣಿಸುತ್ತಿದ್ದ. ಗೌರಿ ಸಿಟ್ಟಿನಿಂದ, “ಸುಳ್ಳು!” ಎಂದು ಕೂಗಿಯೇಬಿಟ್ಟಳು. ಮುಂದಿನ ಹಾಡು, ಹೊಡೆದಾಟ, ಮದುವೆಗಳನ್ನು ಅವಳು ಕಣ್ಣು ಕೀಲಿಸಿ ನೋಡಿದಳಾದರೂ, ಹಳ್ಳದಲ್ಲಿ ನಿಂತ ಎತ್ತಿನ ಚಿಂತೆ ಅವಳನ್ನು ಬಿಡಲಿಲ್ಲ.

ಬಸ್‌ ನಿಲ್ದಾಣದಲ್ಲಿ ಇಬ್ಬರೂ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದಾಗ, ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ತಾಯಿಯ ಕೈ ಬಿಡಿಸಿಕೊಂಡು ಓಡಿಬಂದ.

“ಅಜ್ಜಿ, ಹಳ್ಳ ದಾಟಿತೇನು ಎತ್ತು?”

ಹನುಮವ್ವ ಕೈ ಒರೆಸಿಕೊಂಡು ಹೇಳಲು ಬಾಯಿ ತೆರೆದಳು. ಅಷ್ಟರೊಳಗೆ ಗೌರಿ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತು, ದಲಾಲನ ಮೂಗಿನ ದನಿ ತೆಗೆದಿದ್ದಳು.