ಎಂಡೋಸ್ಕೋಪಿಗೆ ಮೊದಲು ರಕ್ತ ತೆಳು ಮಾಡುವ ಗುಳಿಗೆ: ಅತ್ತೆಯವರ ರಿಪೋರ್ಟ್, ಒಂದೇ ಪ್ರಶ್ನೆ

7 ಅಕ್ಟೋಬರ್ 2025, ಮಂಗಳವಾರ ಸಂಜೆ

ಡಾಕ್ಟರ್ ಸರ್, ನಮಸ್ಕಾರ.

ಈ ವರ್ಷ ಮಾರ್ಚ್ 14ರಂದು ಹುಬ್ಬಳ್ಳಿಯಲ್ಲಿ ನೀವು ಸ್ಟೆಂಟ್ ಹಾಕಿದ 64 ವರ್ಷದ ಹೆಣ್ಣುಮಗಳ ಸೊಸೆ ನಾನು. ಊರು ಲಕ್ಷ್ಮೇಶ್ವರ ಹತ್ತಿರ. ಅತ್ತೆಯವರ ಹೆಸರು ಮತ್ತು ನಿಮ್ಮಲ್ಲಿಯ ಫೈಲ್ ನಂಬರ್ ಮೊದಲ ಫೋಟೋದಲ್ಲೇ ಇವೆ. ಸೋಮವಾರ, 13ನೇ ತಾರೀಖು, ಬೆಳಗ್ಗೆ 11ಕ್ಕೆ ನಿಮಗೆ ತೋರಿಸಲು ಬರುತ್ತಿದ್ದೇವೆ. ಆದರೆ ಒಂದು ವಿಷಯ ಸೋಮವಾರದ ತನಕ ಕಾಯುವಂತಿಲ್ಲ. ನಿಮ್ಮ ಕ್ಲಿನಿಕ್ಕಿನ ಸಿಸ್ಟರ್‌ಗೆ ಫೋನ್ ಮಾಡಿದ್ದೆ. "ರಿಪೋರ್ಟ್ ಹಾಕ್ರಿ, ಕೇಳೋದು ಒಂದೇ ಇರಲಿ, ಸಾಹೇಬ್ರು ರಾತ್ರಿ ನೋಡ್ತಾರ" ಅಂದರು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ ಇದು: 14ನೇ ತಾರೀಖು ಮಂಗಳವಾರ ಅತ್ತೆಗೆ ಎಂಡೋಸ್ಕೋಪಿ ಇದೆ. ಅದಕ್ಕಾಗಿ ಕ್ಲೊಪಿಡೊಗ್ರೆಲ್ ಗುಳಿಗೆಯನ್ನು ಈ ಗುರುವಾರದಿಂದ (9ನೇ ತಾರೀಖು) ನಿಲ್ಲಿಸಬೇಕಾ, ಅಥವಾ ಈಗಿನ ಹಾಗೇ ದಿನಾ ಕೊಡುತ್ತಾ ಹೋಗಬೇಕಾ?

ನಿಮಗೆ ಸಮಯ ಇಲ್ಲದಿದ್ದರೆ ಇಷ್ಟು ಓದಿ, ಫೋಟೋ ನೋಡಿದರೆ ಸಾಕು. ಕೆಳಗೆ ಬರೆದದ್ದು ಉತ್ತರ ಕೊಡಲು ನಿಮಗೆ ಬೇಕಾಗಬಹುದಾದ ವಿವರ.

ಈ ಪ್ರಶ್ನೆ ಹುಟ್ಟಿದ್ದೇ ನಮ್ಮ ಕೈಯಲ್ಲಿರುವ ಎರಡು ಕಾಗದಗಳಿಂದ. ಮಾರ್ಚ್‌ನಲ್ಲಿ ನೀವು ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಒಂದು ವರ್ಷ ತಪ್ಪಿಸಬಾರದು, ಹೃದಯದ ಡಾಕ್ಟರನ್ನು ಕೇಳದೆ ಯಾರು ಹೇಳಿದರೂ ನಿಲ್ಲಿಸಬಾರದು ಅಂತ ಇದೆ. ಆ ಸಾಲಿನ ಕೆಳಗೆ ನೀವೇ ಪೆನ್ನಿನಲ್ಲಿ ಗೆರೆ ಎಳೆದಿದ್ದೀರಿ. ಈಗ ಎಂಡೋಸ್ಕೋಪಿಯ ಸೂಚನೆ ಹಾಳೆಯಲ್ಲಿ ರಕ್ತ ತೆಳು ಮಾಡುವ ಗುಳಿಗೆ ಇದ್ದರೆ 5 ದಿನ ಮೊದಲು ನಿಲ್ಲಿಸಿ, ನಿಮ್ಮ ಹೃದಯದ ಡಾಕ್ಟರನ್ನು ಕೇಳಿ ಅಂತ ಅಚ್ಚಾಗಿದೆ. ಅದು ಎಲ್ಲರಿಗೂ ಕೊಡುವ ಹಾಳೆ. ಅತ್ತೆಗೆ ಸ್ಟೆಂಟ್ ಹಾಕಿ ಇನ್ನೂ ಏಳು ತಿಂಗಳು ಅನ್ನುವುದು ಆ ಹಾಳೆಗೆ ಗೊತ್ತಿಲ್ಲ, ಅಲ್ವಾ? ಹಾಗಂತ ನಾವೇ ಒಂದನ್ನು ನಂಬಿ ಇನ್ನೊಂದನ್ನು ಬಿಡುವುದು ಸರಿಯಲ್ಲ. 5 ದಿನ ಅಂತ ಲೆಕ್ಕ ಹಾಕಿದರೆ ಗುರುವಾರದ ಗುಳಿಗೆಯಿಂದಲೇ ಬಿಡಬೇಕು. ಸೋಮವಾರ ನಿಮ್ಮೆದುರು ಕೂತು ಕೇಳಿದರೆ ಹೊತ್ತು ಮೀರಿರುತ್ತದೆ.

ಎಂಡೋಸ್ಕೋಪಿ ಯಾಕೆ ಅಂದರೆ ರಕ್ತ ಇಳಿದಿದೆ. ಗಣಪತಿ ಹಬ್ಬದ ಹೊತ್ತಿಗೇ ಅತ್ತೆ ದಣಿಯಲು ಶುರು ಮಾಡಿದ್ದರು. ಮೊದಲು ಹೊಲದ ತನಕ ಒಂದೇ ಉಸಿರಿಗೆ ಹೋಗುತ್ತಿದ್ದವರು ಈಗ ದಾರಿಯಲ್ಲಿ ಕೂತು ಕೂತು ಹೋಗುತ್ತಾರೆ. ಮುಖ ಬಿಳಿಚಿದೆ. ಎದೆನೋವು ಇಲ್ಲ. ಅದನ್ನು ದಿನಾ ಕೇಳುತ್ತೇವೆ. ಮಾರ್ಚ್‌ನಲ್ಲಿ ಬಂದ ಹಾಗಿನ ಎದೆ ಹಿಡಿತ, ಎಡಗೈ ಸೆಳೆತ, ಬೆವರು ಯಾವುದೂ ಆಮೇಲೆ ಬಂದಿಲ್ಲ ಅಂತ ಹೇಳುತ್ತಾರೆ. ಅವರು ನೋವು ಮುಚ್ಚಿಡುವ ಸ್ವಭಾವದವರು. ಅದಕ್ಕೇ ನಾನು ಕಣ್ಣಾರೆ ಕಂಡದ್ದನ್ನೂ ಸೇರಿಸುತ್ತೇನೆ: ನಿನ್ನೆ ಶೀಗಿ ಹುಣ್ಣಿಮೆಗೆ ಊರಿಗೆ ಬಂದೆ. ಅಡುಗೆ ಮನೆಯಲ್ಲಿ ಹೋಳಿಗೆ ಮಾಡುತ್ತಾ ನಿಂತಿದ್ದರು, ಉಸಿರು ಬಿಗಿಯಾಗಿರಲಿಲ್ಲ. ಆದರೆ ಮಾಳಿಗೆ ಹತ್ತಿ ಬಂದ ಮೇಲೆ ಸ್ವಲ್ಪ ಹೊತ್ತು ಮಾತಾಡಲು ಆಗಲಿಲ್ಲ.

ಗದಗಿನಲ್ಲಿ ಅಕ್ಟೋಬರ್ 3ರಂದು ಮಾಡಿಸಿದ ರಕ್ತ ಪರೀಕ್ಷೆಯ ಪೂರ್ತಿ ರಿಪೋರ್ಟ್ ಎರಡನೇ ಫೋಟೋದಲ್ಲಿದೆ. ಫೋಟೋದಲ್ಲಿ ಅಕ್ಷರ ಮಸುಕಾದರೆ ಅಂತ ಮುಖ್ಯವಾದದ್ದನ್ನು ಇಲ್ಲಿ ಬರೆದಿದ್ದೇನೆ.

ಹಿಮೋಗ್ಲೋಬಿನ್ 8.2 (ಲ್ಯಾಬ್‌ನವರು ಕೊಟ್ಟ ಮಿತಿ 12ರಿಂದ 15)
ಎಂಸಿವಿ 68 (83ರಿಂದ 101)
ಪ್ಲೇಟ್‌ಲೆಟ್ 3.1 ಲಕ್ಷ (1.5ರಿಂದ 4.1 ಲಕ್ಷ)
ಫೆರಿಟಿನ್ 9
ಕ್ರಿಯಾಟಿನಿನ್ 0.9
ಮಲದಲ್ಲಿ ಕಣ್ಣಿಗೆ ಕಾಣದ ರಕ್ತದ ಪರೀಕ್ಷೆ: ಪಾಸಿಟಿವ್

ಹಳೆಯ ಹಿಮೋಗ್ಲೋಬಿನ್ ಹುಡುಕಿ ತೆಗೆದೆ. ಮಾರ್ಚ್‌ನಲ್ಲಿ ಡಿಸ್ಚಾರ್ಜ್ ಆಗುವಾಗ 11.9 ಇತ್ತು. ಜೂನ್‌ನಲ್ಲಿ ನಿಮ್ಮಲ್ಲೇ ತೋರಿಸಿದಾಗ 10.6. ಈಗ 8.2. ಒಂದೇ ಸಲ ಇಳಿದದ್ದಲ್ಲ, ಮೆಲ್ಲಗೆ ಇಳಿಯುತ್ತಾ ಬಂದಿದೆ. ಈ ಪರೀಕ್ಷೆ ಮಾಡಿಸಿದ ದಿನ ಬಿಪಿ 118/74, ನಾಡಿ 92 ಇತ್ತು.

ಮಲದ ಬಣ್ಣದ ಬಗ್ಗೆ ಹೊಟ್ಟೆಯ ಡಾಕ್ಟರು ಕೇಳಿದ್ದರು, ನೀವೂ ಕೇಳುತ್ತೀರಿ. ಕೆಲವು ದಿನ ಕಪ್ಪಾಗಿರುತ್ತದೆ, ಟಾರಿನ ಹಾಗೆ ಅಂಟಂಟಾಗಿ ಇರುವುದಿಲ್ಲ. ಕೆಂಪು ರಕ್ತ ಕಂಡಿಲ್ಲ. ರಕ್ತದ ವಾಂತಿ ಇಲ್ಲ. ಕಬ್ಬಿಣದ ಗುಳಿಗೆ ಇನ್ನೂ ಶುರು ಮಾಡಿಲ್ಲ, ಎಂಡೋಸ್ಕೋಪಿ ಆದ ಮೇಲೆ ನೋಡೋಣ ಅಂದಿದ್ದಾರೆ. ಹಾಗಾಗಿ ಆ ಕಪ್ಪು ಕಬ್ಬಿಣದ ಗುಳಿಗೆಯಿಂದ ಬಂದದ್ದಲ್ಲ.

ಈಗ ನಿಮ್ಮ ಫೈಲಿನಲ್ಲಿ ಇರದ ಒಂದು ಸಂಗತಿ. ಅತ್ತೆಗೆ ಮೊಣಕಾಲು ನೋವು ಮೊದಲಿನಿಂದಲೂ ಇದೆ. ಈ ಸಲ ಶೇಂಗಾ ಕೀಳುವ ಕೆಲಸದಲ್ಲಿ ಜಾಸ್ತಿ ಆಯಿತು. ಊರಿನ ಮೆಡಿಕಲ್ ಶಾಪಿನಿಂದ ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ನೋವಿನ ಗುಳಿಗೆ ತರಿಸಿಕೊಂಡು, ಆಗಸ್ಟ್ ಮಧ್ಯದಿಂದ ಹೆಚ್ಚುಕಡಿಮೆ ದಿನಾ ಒಂದು ನುಂಗುತ್ತಿದ್ದರು. ಯಾರೂ ಬರೆದುಕೊಟ್ಟದ್ದಲ್ಲ. ಅಕ್ಟೋಬರ್ 3ರಿಂದ ಪೂರ್ತಿ ನಿಲ್ಲಿಸಿದ್ದೇವೆ. ಗದಗಿನ ಡಾಕ್ಟರು ಅದೇ ದಿನ ಪ್ಯಾಂಟೊಪ್ರಜೋಲ್ 40 ಬೆಳಗ್ಗೆ ಖಾಲಿ ಹೊಟ್ಟೆಗೆ ಶುರು ಮಾಡಿದರು. ಸ್ಟೆಂಟ್ ಗುಳಿಗೆಯ ಜೊತೆ ಈ ನೋವಿನ ಗುಳಿಗೆಯೂ ಸೇರಿದ್ದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿರಬಹುದು ಅನ್ನುವುದು ಅವರ ಅನುಮಾನ. ಅದಕ್ಕೇ ಹುಬ್ಬಳ್ಳಿಗೆ ಬರೆದುಕೊಟ್ಟರು. 4ನೇ ತಾರೀಖು ಅಲ್ಲಿ ತೋರಿಸಿದೆವು, ಎಂಡೋಸ್ಕೋಪಿಯ ದಿನ ಕೊಟ್ಟರು. ಹುಣ್ಣು ಕಂಡರೆ ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳಿಸಬಹುದು ಅಂತಲೂ ಹೇಳಿದ್ದಾರೆ. ಅದನ್ನು ಅವರು ತಮ್ಮ ಚೀಟಿಯಲ್ಲಿ ಬರೆದಿದ್ದಾರೆ, ನಾಲ್ಕನೇ ಫೋಟೋ ನೋಡಿ.

ಇನ್ನೊಂದು ತೊಡಕಿದೆ ಸರ್. ಇದು ನನಗೆ ತಿಳಿದದ್ದೇ ಇವತ್ತು, ಅತ್ತೆಯ ಗುಳಿಗೆ ಡಬ್ಬಿ ಸುರುವಿ ಒಂದೊಂದೇ ಪಟ್ಟಿ ಓದಿದಾಗ. ನಿಮ್ಮ ಮೊದಲ ಚೀಟಿಯಲ್ಲಿ ಆಸ್ಪಿರಿನ್ 75 ಬೇರೆ, ಕ್ಲೊಪಿಡೊಗ್ರೆಲ್ 75 ಬೇರೆ ಇತ್ತು. ಜೂನ್ ನಂತರ ಅವರು ನುಂಗುತ್ತಿರುವುದು ಎರಡೂ ಸೇರಿದ ಒಂದೇ ಗುಳಿಗೆ. ಪಟ್ಟಿಯ ಹಿಂದಿನ ಬರಹ ಮೂರನೇ ಫೋಟೋದಲ್ಲಿ ಕಾಣುತ್ತದೆ. ನೀವು "ಕ್ಲೊಪಿಡೊಗ್ರೆಲ್ ಮಾತ್ರ ನಿಲ್ಲಿಸಿ, ಆಸ್ಪಿರಿನ್ ಇರಲಿ" ಅಂದರೆ ನಮ್ಮ ಮನೆಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಈ ಗುಳಿಗೆ ಬಿಟ್ಟರೆ ಎರಡೂ ಬಿಟ್ಟ ಹಾಗೆ. ಹಾಗೇನಾದರೂ ಇದ್ದರೆ ಬಿಡಿ ಆಸ್ಪಿರಿನ್ ಬರೆದ ಒಂದು ಚೀಟಿಯ ಫೋಟೋ ಕಳಿಸಿಕೊಡಿ. ಲಕ್ಷ್ಮೇಶ್ವರದಲ್ಲಿ ನಾಳೆಯೇ ತರುತ್ತೇವೆ. ಇದನ್ನು ಬಿಡಿಸಿ ಹೇಳಲೇಬೇಕು ಅನ್ನಿಸಿತು, ಫೋನಿನಲ್ಲಿ "ಒಂದು ಗುಳಿಗೆ ನಿಲ್ಲಿಸಿ" ಅಂತ ಯಾರಾದರೂ ಹೇಳಿದರೆ ಮನೆಯವರು ಕಣ್ಣು ಮುಚ್ಚಿ ಇದನ್ನೇ ನಿಲ್ಲಿಸಿಬಿಡುತ್ತಾರೆ.

ಉಳಿದ ಗುಳಿಗೆ ನೀವು ಬರೆದ ಹಾಗೇ ನಡೆದಿದೆ: ರಾತ್ರಿ ಅಟೊರ್ವಾಸ್ಟಾಟಿನ್ 40, ಬೆಳಗ್ಗೆ ಮೆಟೊಪ್ರೊಲಾಲ್ 25. ಸಕ್ಕರೆ ಕಾಯಿಲೆ ಇಲ್ಲ. ಯಾವ ಔಷಧಿಗೂ ಅಲರ್ಜಿ ಆಗಿಲ್ಲ. ಸ್ಟೆಂಟ್ ಒಂದೇ, ಎಲ್‌ಎಡಿಯಲ್ಲಿ, ಔಷಧಿ ಲೇಪನದ್ದು, ಕಾರ್ಡಿನ ಫೋಟೋ ಐದನೆಯದು. ಜೂನ್‌ನ ಎಕೋದಲ್ಲಿ ಇಎಫ್ 50 ಅಂತಿದೆ.

ಇಲ್ಲಿಯ ತನಕ ಸ್ಟೆಂಟ್ ಗುಳಿಗೆ ಒಂದು ದಿನವೂ ತಪ್ಪಿಲ್ಲ. ನಾಷ್ಟಾ ಆದ ಮೇಲೆ ಮಾವನವರೇ ಕೈಗೆ ಕೊಡುತ್ತಾರೆ. ಆದರೆ ಅತ್ತೆಗೆ ಬೇಸರ ಬಂದಿದೆ. "ಗುಳಿಗಿ ನುಂಗಿ ನುಂಗಿ ಹೊಟ್ಟಿ ತೂತ ಆಗೈತಿ, ಎಲ್ಲಾ ಬಂದ್ ಮಾಡ್ರಿ" ಅನ್ನುತ್ತಾರೆ. ಮೈದುನ ನಿಲ್ಲಿಸೋಣ ಅನ್ನುತ್ತಾನೆ, ನಮ್ಮ ಯಜಮಾನರು ಬೇಡ ಅನ್ನುತ್ತಾರೆ. ಇಬ್ಬರಿಗೂ ತಾಯಿಯ ಚಿಂತೆಯೇ. ಡಿಸ್ಚಾರ್ಜ್ ದಿನ ನೀವು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: ಈ ಗುಳಿಗೆ ನಡುವೆ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು ಅಂತ. ಇತ್ತ ರಕ್ತ ಇಳಿಯುತ್ತಿರುವುದೂ ನಿಜ. ಎರಡೂ ಕಡೆ ಅಪಾಯ ಇರುವಾಗ ಮನೆಯಲ್ಲಿ ಕೂತು ವಾದ ಮಾಡಿ ತೀರ್ಮಾನಿಸುವ ವಿಷಯ ಇದಲ್ಲ. ನಿಮ್ಮ ಮಾತು ಬರುವ ತನಕ ಈಗಿನ ಗುಳಿಗೆ ಮುಂದುವರಿಸುತ್ತೇವೆ ಅಂತ ಎಲ್ಲರೂ ಒಪ್ಪಿದ್ದಾರೆ. ಅತ್ತೆಯೂ ಒಪ್ಪಿದ್ದಾರೆ. ರಿಪೋರ್ಟ್ ನಿಮಗೆ ಕಳಿಸಲು ಅವರನ್ನು ಕೇಳಿಯೇ ಕಳಿಸುತ್ತಿದ್ದೇನೆ.

ನಿಮ್ಮ ಉತ್ತರ ಒಂದು ಸಾಲು ಇದ್ದರೂ ಸಾಕು. "ಮುಂದುವರಿಸಿ" ಅಂದರೆ ಆ ಸಾಲನ್ನೇ ಎಂಡೋಸ್ಕೋಪಿ ವಿಭಾಗದವರಿಗೆ ನಾಳೆ ತೋರಿಸುತ್ತೇವೆ, ಕೊನೆ ಗಳಿಗೆಯಲ್ಲಿ ಅವರು ವಾಪಸ್ ಕಳಿಸಬಾರದಲ್ವಾ. "ನಿಲ್ಲಿಸಿ" ಅಂದರೆ ಯಾವುದನ್ನು, ಯಾವ ದಿನದಿಂದ, ಮತ್ತೆ ಯಾವಾಗ ಶುರು ಅಂತ ದಯವಿಟ್ಟು ಬರೆಯಿರಿ. ನೀವು ಮತ್ತು ಹೊಟ್ಟೆಯ ಡಾಕ್ಟರು ನೇರವಾಗಿ ಮಾತಾಡುವುದೇ ಒಳ್ಳೆಯದು ಅನ್ನಿಸಿದರೆ ಅವರ ಫೋನ್ ನಂಬರ್ ನಾಲ್ಕನೇ ಫೋಟೋದ ಚೀಟಿಯ ಮೇಲ್ಭಾಗದಲ್ಲಿದೆ. ಎಂಡೋಸ್ಕೋಪಿಯನ್ನೇ ಮುಂದೆ ಹಾಕಬೇಕು ಅಂತ ನಿಮಗೆ ಕಂಡರೆ ಅದನ್ನೂ ಹೇಳಿ, ನಾವು ತಯಾರಿದ್ದೇವೆ.

ಮಂಡಿ ನೋವಿಗೆ ಇನ್ನು ಮೇಲೆ ಏನು ಕೊಡುವುದು, ಕಬ್ಬಿಣ ಗುಳಿಗೆಯಲ್ಲೋ ಇಂಜೆಕ್ಷನ್ನಲ್ಲೋ, ಹೊಲದ ಕೆಲಸ ಎಷ್ಟು ಮಾಡಬಹುದು, ಇವನ್ನೆಲ್ಲ ಸೋಮವಾರ ಕೇಳುತ್ತೇವೆ. ಇವತ್ತು ಬೇಡ.

ಕಪ್ಪು ಅಂಟು ಮಲ, ರಕ್ತದ ವಾಂತಿ, ತಲೆ ತಿರುಗಿ ಬೀಳುವುದು, ಎದೆನೋವು, ಇವುಗಳಲ್ಲಿ ಒಂದು ಕಂಡರೂ ಯಾರ ಮೆಸೇಜಿಗೂ ಕಾಯದೆ ಕೂಡಲೇ ಗದಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಅಂತ ಗದಗಿನ ಡಾಕ್ಟರು ಹೇಳಿದ್ದಾರೆ. 108ರ ನಂಬರ್ ಮಾವನವರ ಫೋನಿನಲ್ಲಿ ಹಾಕಿಕೊಟ್ಟಿದ್ದೇನೆ. ಈ ಎಲ್ಲ ಕಾಗದಗಳ ಜೆರಾಕ್ಸ್ ಒಂದು ಚೀಲದಲ್ಲಿ ಬಾಗಿಲ ಹತ್ತಿರವೇ ಇದೆ.

ನಾನು ನಾಳೆ ಗದಗಿಗೆ ವಾಪಸ್ ಹೋಗುತ್ತೇನೆ. ಬೆಳಗ್ಗೆ 10ರಿಂದ ಸಂಜೆ 4ರ ತನಕ ಬ್ಯಾಂಕಿನ ಕೌಂಟರಿನಲ್ಲಿ ಇರುವುದರಿಂದ ಫೋನ್ ಎತ್ತಲು ಆಗುವುದಿಲ್ಲ, ಮೆಸೇಜ್ ಆದರೆ ನೋಡುತ್ತೇನೆ. ಫೋನ್ ಮಾಡುವುದಿದ್ದರೆ ನಮ್ಮ ಯಜಮಾನರಿಗೆ ಮಾಡಿ. ಅವರು ಶನಿವಾರದ ತನಕ ಅತ್ತೆಯ ಹತ್ತಿರವೇ ಇರುತ್ತಾರೆ, ನಂಬರ್ ನಿಮ್ಮ ಫೈಲಿನಲ್ಲಿದೆ. ನೀವು ಹೇಳಿದ್ದನ್ನು ಅವರು ಬರೆದುಕೊಂಡು, ನಿಮಗೆ ಒಮ್ಮೆ ಓದಿ ಹೇಳುತ್ತಾರೆ.

ಇಂತಿ,
ಸುಮಂಗಲಾ
(ಪೇಷಂಟ್‌ನ ಹಿರಿಯ ಸೊಸೆ)

ಜೊತೆಗಿರುವ ಫೋಟೋಗಳು: 1. ಡಿಸ್ಚಾರ್ಜ್ ಚೀಟಿ, ಮಾರ್ಚ್ 2025. 2. ರಕ್ತ ಮತ್ತು ಮಲ ಪರೀಕ್ಷೆಯ ರಿಪೋರ್ಟ್, 3 ಅಕ್ಟೋಬರ್, ಎರಡು ಪುಟ. 3. ಈಗ ನುಂಗುತ್ತಿರುವ ಎಲ್ಲ ಗುಳಿಗೆ ಪಟ್ಟಿಗಳು, ಹಿಂದಿನ ಬರಹ ಕಾಣುವ ಹಾಗೆ. 4. ಹೊಟ್ಟೆಯ ಡಾಕ್ಟರ ಚೀಟಿ ಮತ್ತು ಎಂಡೋಸ್ಕೋಪಿ ಸೂಚನೆ ಹಾಳೆ. 5. ಸ್ಟೆಂಟ್ ಕಾರ್ಡ್ ಮತ್ತು ಜೂನ್‌ನ ಎಕೋ.