ವಿಷಯ: ಹಿರಿಯ ಲೆಕ್ಕಿಗರ ಹುದ್ದೆಗೆ ಅರ್ಜಿ – ಕಾವೇರಮ್ಮ, ಪೊನ್ನಂಪೇಟೆ

ಮಾನ್ಯ ಕಾರ್ಯದರ್ಶಿಯವರಿಗೆ,

ನಮಸ್ಕಾರ. ಗೋಣಿಕೊಪ್ಪದ ನಿಮ್ಮ ಬೆಳೆಗಾರರ ಸಹಕಾರ ಸಂಘದಲ್ಲಿ ಖಾಲಿ ಇರುವ ಹಿರಿಯ ಲೆಕ್ಕಿಗರ ಹುದ್ದೆಗೆ ಈ ಅರ್ಜಿ. ಬಿ.ಕಾಂ. ಮುಗಿಸಿ, 2010ರಿಂದ 2019ರವರೆಗೆ ವಿರಾಜಪೇಟೆಯ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕೊನೆಯ ನಾಲ್ಕು ವರ್ಷ ಖರೀದಿ ಮತ್ತು ದಾಸ್ತಾನಿನ ಲೆಕ್ಕ ನನ್ನ ಹೊಣೆಯಾಗಿತ್ತು.

ಚೆರಿಯನ್ನು ಬರೀ ಚೀಲದ ಎಣಿಕೆಯಲ್ಲಿ ಬರೆದಿಟ್ಟರೆ ವರ್ಷದ ಕೊನೆಗೆ ದಾಸ್ತಾನು ತಾಳೆಯಾಗುವುದಿಲ್ಲ. ಗೋದಾಮಿನಲ್ಲಿ ತೇವಾಂಶ ಇಳಿದು ತೂಕ ಕಡಿಮೆಯಾಗಿರುತ್ತದೆ. ಅದಕ್ಕೆಂದೇ ಪ್ರತಿ ಲಾಟಿನ ಚೀಲ, ತೂಕ, ತೇವಾಂಶ, 50 ಕೆಜಿಗೆ ಬಂದ ಔಟ್‌ಟರ್ನ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ದಾಖಲಿಸಿ, ತಿಂಗಳಿಗೊಮ್ಮೆ ಗೋದಾಮಿನ ಪುಸ್ತಕದ ಜೊತೆ ತಾಳೆ ನೋಡುತ್ತಿದ್ದೆ. ಬೆಳೆಗಾರರಿಗೆ ಸಿಗುವ ದರ ಔಟ್‌ಟರ್ನ್ ಮೇಲೆ ನಿಂತಿರುವುದರಿಂದ ಅಲ್ಲಿ ಒಂದು ಅಂಕಿ ತಪ್ಪಿದರೂ ಅವರ ಕೈಗೆ ಸೇರಬೇಕಾದ ಹಣವೇ ತಪ್ಪುತ್ತದೆ.

2019ರ ಜೂನ್‌ನಿಂದ 2025ರ ಮಾರ್ಚ್‌ವರೆಗೆ ನಾನು ಉದ್ಯೋಗದಲ್ಲಿರಲಿಲ್ಲ. ಅತ್ತೆಯವರಿಗೆ ಪಾರ್ಶ್ವವಾಯು ಆದ ಮೇಲೆ ಹಗಲು ರಾತ್ರಿ ಒಬ್ಬರು ಜೊತೆಗಿರಬೇಕಿತ್ತು; ಆ ಹೊಣೆಯನ್ನು ನಾನು ವಹಿಸಿಕೊಂಡೆ. ಈಗ ಅವರು ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಪೂರ್ಣಾವಧಿ ಕೆಲಸಕ್ಕೂ, ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಹೊತ್ತಾಗುವುದಕ್ಕೂ ನನಗೆ ಅಡ್ಡಿಯಿಲ್ಲ. ಬಯೋಡೇಟಾದಲ್ಲಿ ಈ ಅವಧಿಯನ್ನು ‘ಕುಟುಂಬದ ಆರೈಕೆ’ ಎಂದು ಪ್ರತ್ಯೇಕ ಸಾಲಿನಲ್ಲೇ ತೋರಿಸಿದ್ದೇನೆ.

ಈ ನಡುವೆ ತೆರಿಗೆಯ ಕೆಲಸ ಬಹಳ ಬದಲಾಗಿದೆ. ಏಪ್ರಿಲ್‌ನಿಂದ ಗೋಣಿಕೊಪ್ಪದ ತೆರಿಗೆ ಸಲಹೆಗಾರರೊಬ್ಬರ ಬಳಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದೇನೆ. ಟ್ಯಾಲಿ ಪ್ರೈಮ್‌ನಲ್ಲಿ ಖರೀದಿ ನಮೂದಿಸಿ, ಅದನ್ನು ಪೋರ್ಟಲ್‌ನ GSTR-2B ಜೊತೆ ಹೋಲಿಸುವುದು ಅಲ್ಲಿ ನನ್ನ ಮುಖ್ಯ ಕೆಲಸ. 2022ರ ಜನವರಿಯಿಂದ 2Bಯಲ್ಲಿ ಕಾಣದ ಬಿಲ್ಲಿಗೆ ತೆರಿಗೆ ಕ್ರೆಡಿಟ್ ಸಿಗದಿರುವುದರಿಂದ, GSTR-1 ತಡವಾಗಿ ಸಲ್ಲಿಸುವ ಸರಬರಾಜುದಾರರ ಪಟ್ಟಿ ಮಾಡಿಟ್ಟು, ಗಡುವಿಗೆ ಮೊದಲೇ ಫೋನ್ ಮಾಡುತ್ತೇನೆ. ಇ-ಇನ್‌ವಾಯ್ಸ್ ವಿಧಾನ ಕಲಿತಿದ್ದೇನೆ, ಆದರೆ ಸಂಸ್ಥೆಯೊಂದಕ್ಕೆ ದಿನನಿತ್ಯ ತಯಾರಿಸಿದ ಅನುಭವ ಇನ್ನೂ ಇಲ್ಲ. ಅದನ್ನು ಸೇರಿದ ಮೊದಲ ತಿಂಗಳಲ್ಲೇ ರೂಢಿಸಿಕೊಳ್ಳುತ್ತೇನೆ.

ಬಯೋಡೇಟಾ, ಹಿಂದಿನ ಸಂಸ್ಥೆಯ ಅನುಭವ ಪತ್ರ, ಪದವಿ ಪ್ರಮಾಣಪತ್ರಗಳನ್ನು ಲಗತ್ತಿಸಿದ್ದೇನೆ. ಸಲಹೆಗಾರರ ದೂರವಾಣಿ ಸಂಖ್ಯೆ, ಅವರ ಒಪ್ಪಿಗೆ ಪಡೆದು, ಬಯೋಡೇಟಾದ ಕೊನೆಯಲ್ಲಿ ಕೊಟ್ಟಿದ್ದೇನೆ. ಮಂಗಳವಾರ, ಗುರುವಾರ ಅಥವಾ ಶನಿವಾರ ಸಂದರ್ಶನಕ್ಕೆ ಬರಬಲ್ಲೆ. ಆಯ್ಕೆಯಾದರೆ ಅರೇಬಿಕಾ ಕೊಯ್ಲು ಶುರುವಾಗುವ ಮೊದಲೇ, ನವೆಂಬರ್ 3ರಿಂದ ಕೆಲಸಕ್ಕೆ ಹಾಜರಾಗುತ್ತೇನೆ.

ವಂದನೆಗಳೊಂದಿಗೆ,
ಕಾವೇರಮ್ಮ
ಪೊನ್ನಂಪೇಟೆ, ಕೊಡಗು